ಉಳಿವಿನ ರೇಖೆ ಯಾವ ಬಗೆಯದು ಎಂದು ಹೇಳುವ ಮೊದಲು

ಪ್ರಶ್ನೆ: ಪ್ರಾಜೆಕ್ಟಿಗಾಗಿ ಲೈಫ್ ಟೇಬಲ್, ಅಂದರೆ ಯಾವ ವಯಸ್ಸಿಗೆ ಎಷ್ಟು ಉಳಿದವು, ಎಷ್ಟು ಸತ್ತವು ಎಂಬ ಪಟ್ಟಿ ಮಾಡ್ತಿದ್ದೀನಿ. ಒಂದೇ ಸಲ ಹುಟ್ಟಿದ ಗುಂಪನ್ನು ಕೊನೆಯದು ಸಾಯುವವರೆಗೂ ಎಣಿಸಿದ್ದೇನೆ. ಮಾಮೂಲಿ ಗ್ರಾಫಿನಲ್ಲಿ ಹಾಕಿದರೆ ಮೂರನೇ ಬಗೆಯ ರೇಖೆ ಥರ ಕಾಣುತ್ತೆ, ಲಾಗ್ ಗ್ರಾಫಿನಲ್ಲಿ ಹಾಕಿದರೆ ಹೆಚ್ಚೂಕಡಿಮೆ ನೇರ ಗೆರೆ. ಯಾವುದನ್ನು ನಂಬಬೇಕು? qx, ex ಕಾಲಂಗಳನ್ನು ತುಂಬುವುದು ಹೇಗೆ, ಅವುಗಳಿಂದ ನಿಜವಾಗಿ ಏನು ತಿಳಿಯುತ್ತೆ?

ಉತ್ತರ: ಲಾಗ್ ಗ್ರಾಫನ್ನು ನಂಬಿ. ಮೂರು ಬಗೆಯ ರೇಖೆಗಳನ್ನು ವಿವರಿಸಿರುವುದೇ ಲಾಗ್ ಅಳತೆಯ ಮೇಲೆ: ಮೊದಲನೆಯದರಲ್ಲಿ ಸಾವು ಹೆಚ್ಚಾಗಿ ಮುಪ್ಪಿನಲ್ಲಿ, ಎರಡನೆಯದರಲ್ಲಿ ಎಲ್ಲ ವಯಸ್ಸಿಗೂ ಒಂದೇ ಪ್ರಮಾಣದಲ್ಲಿ, ಮೂರನೆಯದರಲ್ಲಿ ಶುರುವಿನಲ್ಲೇ. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ರೇಖೆಯ ಆಕಾರ ನೋಡಿ ಹೆಸರಿಡುವುದಕ್ಕಿಂತ qx, ಅಂದರೆ ಆಯಾ ವಯಸ್ಸಿನ ಸಾವಿನ ಪ್ರಮಾಣದ ಕಾಲಂ ಓದುವುದರಿಂದ ಜಾಸ್ತಿ ವಿಷಯ ಸಿಗುತ್ತದೆ. ಜೊತೆಗೆ, ಎಣಿಕೆ ಯಾವ ವಯಸ್ಸಿನಿಂದ ಶುರುವಾಗಿದೆ ಎಂಬುದರ ಮೇಲೆ ಬಗೆಯೇ ಬದಲಾಗಿಬಿಡಬಹುದು. ಇದನ್ನು ಬಹಳ ಮಂದಿ ಗಮನಿಸುವುದಿಲ್ಲ.

ನಿಮ್ಮ ಅಂಕಿಗಳನ್ನು ನೀವು ಕಳಿಸಿಲ್ಲ. ಹಾಗಾಗಿ ಒಂದು ಪ್ರಸಿದ್ಧ ಕೊಹಾರ್ಟ್, ಅಂದರೆ ಒಂದೇ ಕಾಲಕ್ಕೆ ಬದುಕು ಶುರುಮಾಡಿದ ಗುಂಪು ತೆಗೆದುಕೊಂಡು ಇಡೀ ಲೆಕ್ಕ ಮಾಡಿ ತೋರಿಸುತ್ತೇನೆ. ಅದೇ ಹೆಜ್ಜೆಗಳನ್ನು ನಿಮ್ಮ ಗುಂಪಿಗೂ ಹಾಕಿಕೊಳ್ಳಿ.

ಅಮೆರಿಕದ ಪರಿಸರ ವಿಜ್ಞಾನಿ ಜೋಸೆಫ್ ಕಾನೆಲ್ ವಾಷಿಂಗ್ಟನ್ ರಾಜ್ಯದ ಸ್ಯಾನ್ ವಾನ್ ದ್ವೀಪದ ಬಂಡೆಗಳ ಮೇಲೆ ಬಾರ್ನಕಲ್‌ಗಳನ್ನು ವರ್ಷಗಟ್ಟಲೆ ಎಣಿಸಿದರು. ಜಾತಿ ಬಲಾನಸ್ ಗ್ಲಾಂಡುಲಾ. ಬಾರ್ನಕಲ್ ಅಂದರೆ ಏಡಿ, ಸೀಗಡಿಗಳ ದೂರದ ಸಂಬಂಧಿ. ಮರಿಯಾಗಿದ್ದಾಗ ಸಮುದ್ರದ ನೀರಿನಲ್ಲಿ ತೇಲಾಡುತ್ತದೆ. ಆಮೇಲೆ ಬಂಡೆಗೆ ಅಂಟಿಕೊಂಡು, ಸುತ್ತ ಸುಣ್ಣದ ಚಿಪ್ಪು ಕಟ್ಟಿಕೊಳ್ಳುತ್ತದೆ. ಒಮ್ಮೆ ಅಂಟಿದರೆ ಸಾಯುವವರೆಗೆ ಅಲ್ಲೇ. ಲೈಫ್ ಟೇಬಲ್ ಮಾಡುವವರಿಗೆ ಇಂಥ ಪ್ರಾಣಿ ಸಿಗುವುದು ದೊಡ್ಡ ಅನುಕೂಲ. ಹೋದ ಸಲ ಇದ್ದದ್ದು ಈ ಸಲ ಅದೇ ಜಾಗದಲ್ಲಿ ಇಲ್ಲ ಅಂದರೆ ಸತ್ತಿದೆ ಎಂದೇ ಅರ್ಥ, ಬೇರೆ ಕಡೆ ಹೋಗಿರುವ ಪ್ರಶ್ನೆಯೇ ಇಲ್ಲ.

1959ರಲ್ಲಿ ಬಂಡೆಗೆ ಅಂಟಿದ ಗುಂಪಿನ ಎಣಿಕೆಯನ್ನು ಕಾನೆಲ್ 1970ರಲ್ಲಿ ಪ್ರಕಟಿಸಿದರು. ಮೊದಲಿಗೆ 142 ಇದ್ದವು. ವರ್ಷದ ನಂತರ 62, ಎರಡನೇ ವರ್ಷಕ್ಕೆ 34, ಮೂರಕ್ಕೆ 20. ಒಂಬತ್ತನೇ ವರ್ಷಕ್ಕೆ ಒಂದೂ ಉಳಿದಿರಲಿಲ್ಲ. ಈ ಒಂದು ಸಾಲು ಎಣಿಕೆ ಸಾಕು, ಉಳಿದ ಕಾಲಂಗಳೆಲ್ಲ ಇದರಿಂದಲೇ ಹುಟ್ಟುತ್ತವೆ.

```
lx = nx / n0
dx = nx - n(x+1)
qx = dx / nx
Lx = (nx + n(x+1)) / 2
Tx = Lx + L(x+1) + ... ಕೊನೆಯವರೆಗೆ
ex = Tx / nx
```

ಇಲ್ಲಿ x ಅಂದರೆ ವಯಸ್ಸು, nx ಅಂದರೆ ಆ ವಯಸ್ಸಿಗೆ ಬದುಕಿದ್ದವುಗಳ ಸಂಖ್ಯೆ. lx ಹೇಳುವುದು ಶುರುವಿನ ಗುಂಪಿನಲ್ಲಿ ಎಷ್ಟು ಪಾಲು ಉಳಿದಿದೆ ಎಂದು. dx ಅಂದರೆ ಆ ವಯಸ್ಸಿನಿಂದ ಮುಂದಿನ ವಯಸ್ಸಿನ ಒಳಗೆ ಸತ್ತವು. qx ಅಂದರೆ ಆ ಅವಧಿಗೆ ಕಾಲಿಟ್ಟವುಗಳಲ್ಲಿ ಅದನ್ನು ದಾಟಲಾಗದೆ ಸತ್ತವುಗಳ ಪಾಲು. ex ಅಂದರೆ ಆ ವಯಸ್ಸು ಮುಟ್ಟಿದ ಪ್ರಾಣಿಗೆ ಸರಾಸರಿ ಇನ್ನೆಷ್ಟು ವರ್ಷ ಬಾಕಿ ಇದೆ ಎಂಬುದು. Lx ಮತ್ತು Tx ಇರುವುದು ex ಲೆಕ್ಕಕ್ಕಾಗಿ.

| ವಯಸ್ಸು x | nx | lx | dx | qx | ex |
|---|---|---|---|---|---|
| 0 | 142 | 1.000 | 80 | 0.563 | 1.58 |
| 1 | 62 | 0.437 | 28 | 0.452 | 1.97 |
| 2 | 34 | 0.239 | 14 | 0.412 | 2.18 |
| 3 | 20 | 0.141 | 4.5 | 0.225 | 2.35 |
| 4 | 15.5 | 0.109 | 4.5 | 0.290 | 1.89 |
| 5 | 11 | 0.077 | 4.5 | 0.409 | 1.45 |
| 6 | 6.5 | 0.046 | 4.5 | 0.692 | 1.12 |
| 7 | 2 | 0.014 | 0 | 0 | 1.50 |
| 8 | 2 | 0.014 | 2 | 1.000 | 0.50 |
| 9 | 0 | 0 | – | – | – |

ಒಂದು ಸಾಲನ್ನು ಕೈಯಲ್ಲೇ ಮಾಡಿ ನೋಡೋಣ. ವಯಸ್ಸು 1ರಲ್ಲಿ 62 ಇವೆ, ವಯಸ್ಸು 2ಕ್ಕೆ 34. ಹಾಗಾದರೆ ಈ ವರ್ಷ ಸತ್ತವು 28. ಸಾವಿನ ಪ್ರಮಾಣ 28 ಭಾಗಿಸು 62, ಅಂದರೆ 0.452. ಇಲ್ಲೇ ಒಂದು ತಪ್ಪು ತುಂಬಾ ಸಲ ನುಸುಳುತ್ತದೆ. 62ರ ಬದಲು ಮೊದಲಿನ 142ರಿಂದ ಭಾಗಿಸಿಬಿಡುತ್ತಾರೆ. ಆಗ 0.563, 0.197, 0.099 ಅಂತ ಪ್ರಮಾಣ ದಬದಬನೆ ಇಳಿದಂತೆ ಕಾಣುತ್ತದೆ. ಮೊದಲ ವರ್ಷ ದಾಟಿದರೆ ಪ್ರಾಣಿ ಬಚಾವ್ ಎಂದು ಅನ್ನಿಸಿಬಿಡುತ್ತದೆ. ನಿಜಕ್ಕೂ ಇಳಿದದ್ದು 0.563ರಿಂದ 0.452ಕ್ಕೆ, ಆಮೇಲೆ 0.412ಕ್ಕೆ. ಎರಡು ವರ್ಷ ದಾಟಿದ ಬಾರ್ನಕಲ್‌ಗೂ ಮುಂದಿನ ವರ್ಷದೊಳಗೆ ಸಾಯುವ ಅಪಾಯ ಶೇಕಡಾ 41ರಷ್ಟು ಇದೆ. ಸಾಯುವುದಕ್ಕೆ ಉಳಿದಿರುವವೇ ಕಡಿಮೆಯಾದ್ದರಿಂದ ಸತ್ತವುಗಳ ಸಂಖ್ಯೆ ಕಡಿಮೆಯಾಗಿದೆ, ಅಷ್ಟೇ.

ಈ ತಪ್ಪು ನಿಮ್ಮಲ್ಲಿ ಆಗಿದೆಯೋ ಇಲ್ಲವೋ ಎಂದು ತಿಳಿಯುವುದು ಸುಲಭ. qx ಕಾಲಂ ಎಲ್ಲವನ್ನೂ ಕೂಡಿ. ಮೊತ್ತ ಸರಿಯಾಗಿ 1 ಬಂದರೆ ನೀವು n0ಯಿಂದ ಭಾಗಿಸಿದ್ದೀರಿ. ಸರಿಯಾದ qx ಕಾಲಂನಲ್ಲಿ ಕೊನೆಯ ಒಂದು ಮನೆಯಲ್ಲೇ 1 ಬರಬೇಕು, ಯಾಕೆಂದರೆ ಕೊನೆಯ ಅವಧಿಗೆ ಕಾಲಿಟ್ಟವೆಲ್ಲ ಆ ಅವಧಿಯಲ್ಲೇ ಸಾಯುತ್ತವೆ. dx ಕಾಲಂ ಮಾತ್ರ ಕೂಡಿದಾಗ n0ಗೆ ಸಮ ಬರಬೇಕು. ಇಲ್ಲಿ ಕೂಡಿ ನೋಡಿ, 142 ಬರುತ್ತದೆ.

ex ಲೆಕ್ಕವನ್ನು ಕೆಳಗಿನಿಂದ ಮೇಲಕ್ಕೆ ಮಾಡಬೇಕು. ವಯಸ್ಸು 8ರಲ್ಲಿ 2 ಇದ್ದವು, 9ಕ್ಕೆ ಸೊನ್ನೆ. ಎರಡರ ಸರಾಸರಿ 1, ಅದು L8. ಅಂದರೆ ಆ ಎರಡೂ ಸೇರಿ ಆ ವರ್ಷ ಒಟ್ಟು ಒಂದು ಬಾರ್ನಕಲ್-ವರ್ಷ ಬದುಕಿದವು. L7 ಅಂದರೆ 2, ಹಾಗಾಗಿ T7 ಅಂದರೆ 3. ಹೀಗೇ ಕೂಡುತ್ತಾ ಮೇಲೆ ಬಂದರೆ T0 ಅಂದರೆ 224. ಇಡೀ ಗುಂಪು ಸೇರಿ 224 ವರ್ಷ ಬದುಕಿತು. 142ರಿಂದ ಭಾಗಿಸಿದರೆ ತಲಾ 1.58 ವರ್ಷ. ಲೆಕ್ಕ ಇಷ್ಟೇ, ಕಷ್ಟ ಇರುವುದು ಓದುವುದರಲ್ಲಿ.

ಈಗ ನಿಮ್ಮ ಎರಡು ಗ್ರಾಫುಗಳ ಜಗಳಕ್ಕೆ ಬರೋಣ. ಪ್ರತಿ ವರ್ಷ ಸರಿಯಾಗಿ ಅರ್ಧದಷ್ಟು ಸಾಯುವ ಒಂದು ಗುಂಪನ್ನು ಊಹಿಸಿಕೊಳ್ಳಿ: 1000, 500, 250, 125, 62.5. ಇದನ್ನು ಮಾಮೂಲಿ ಗ್ರಾಫಿನಲ್ಲಿ ಹಾಕಿ. ಮೊದಲು 500ರ ಇಳಿತ, ಆಮೇಲೆ 250, ಆಮೇಲೆ 125. ರೇಖೆ ಶುರುವಿನಲ್ಲಿ ಕಡಿದಾಗಿ ಬಿದ್ದು ಕೊನೆಗೆ ನೆಲಕ್ಕೆ ಹತ್ತಿರ ಮಲಗುತ್ತದೆ. ನೋಡಿದವರು ಮೂರನೇ ಬಗೆ ಎಂದೇ ಹೇಳುತ್ತಾರೆ. ಆದರೆ ಈ ಗುಂಪಿನಲ್ಲಿ ಅಪಾಯ ಯಾವ ವಯಸ್ಸಿನಲ್ಲೂ ಬದಲಾಗಿಲ್ಲ, ಎಲ್ಲ ವಯಸ್ಸಿಗೂ qx 0.5. ಲಾಗ್ ಗ್ರಾಫಿನಲ್ಲಿ ಇದೇ ಅಂಕಿಗಳು ಅಳತೆಗೋಲು ಇಟ್ಟು ಎಳೆದಂಥ ನೇರ ಗೆರೆ ಕೊಡುತ್ತವೆ, ಹತ್ತರ ಲಾಗ್‌ನಲ್ಲಿ ಪ್ರತಿ ವರ್ಷ 0.30ರಷ್ಟು ಇಳಿತ.

ಕಾರಣ ಸರಳ. ಮಾಮೂಲಿ ಗ್ರಾಫಿನಲ್ಲಿ ಒಂದೇ ಎತ್ತರದ ಇಳಿತ ಅಂದರೆ ಒಂದೇ ಸಂಖ್ಯೆಯ ಸಾವು. ಲಾಗ್ ಗ್ರಾಫಿನಲ್ಲಿ ಒಂದೇ ಎತ್ತರದ ಇಳಿತ ಅಂದರೆ ಒಂದೇ ಪ್ರಮಾಣದ ಸಾವು. ಎರಡು ವಯಸ್ಸುಗಳ ನಡುವೆ ಲಾಗ್ ರೇಖೆ ಎಷ್ಟು ಇಳಿಯುತ್ತದೆ ಎಂಬುದು `-log(1 - qx)`ಗೆ ಸಮ. ಅಂದರೆ ಲಾಗ್ ಗ್ರಾಫ್ ನಿಜದಲ್ಲಿ qx ಕಾಲಂ‌ನ ಚಿತ್ರ, ಮಾಮೂಲಿ ಗ್ರಾಫ್ dx ಕಾಲಂ‌ನ ಚಿತ್ರ. ನಿಮ್ಮ ಎರಡು ಗ್ರಾಫುಗಳೂ ಸುಳ್ಳು ಹೇಳುತ್ತಿಲ್ಲ. ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿವೆ. ಆದರೆ "ಯಾವ ವಯಸ್ಸಿನಲ್ಲಿ ಅಪಾಯ ಜಾಸ್ತಿ" ಎಂಬುದೇ ಮೂರು ಬಗೆಗಳ ಹಿಂದಿರುವ ಪ್ರಶ್ನೆ. ಅದಕ್ಕೆ ಉತ್ತರ ಇರುವುದು ಲಾಗ್ ಗ್ರಾಫಿನಲ್ಲಿ.

ಈ ವಿಂಗಡಣೆ ಅಮೆರಿಕದ ಜೀವವಿಜ್ಞಾನಿ ರೇಮಂಡ್ ಪರ್ಲ್ 1928ರಲ್ಲಿ ಕೊಟ್ಟದ್ದು. ಕಾಡಿನ ಪ್ರಾಣಿಗಳಿಗೆ ಇದನ್ನು ಹೊಂದಿಸಿ ಎಲ್ಲರಿಗೂ ಮುಟ್ಟಿಸಿದ್ದು ಪರಿಸರ ವಿಜ್ಞಾನಿ ಎಡ್ವರ್ಡ್ ಡೀವಿ ಅವರ 1947ರ ಲೇಖನ. ಮೊದಲ ಬಗೆಯಲ್ಲಿ qx ಬಹುಕಾಲ ಕಡಿಮೆ ಇದ್ದು ಮುಪ್ಪಿನಲ್ಲಿ ಏರುತ್ತದೆ. ಲಾಗ್ ರೇಖೆ ಮಟ್ಟಸವಾಗಿ ಸಾಗಿ ಕೊನೆಗೆ ಧುಮುಕುತ್ತದೆ. ಎರಡನೆಯದರಲ್ಲಿ qx ಸ್ಥಿರ, ರೇಖೆ ನೇರ. ಮೂರನೆಯದರಲ್ಲಿ ಶುರುವಿನಲ್ಲೇ ಬಹುಪಾಲು ಸಾಯುತ್ತವೆ, ಉಳಿದವು ತಕ್ಕಮಟ್ಟಿಗೆ ಬಾಳುತ್ತವೆ. ರೇಖೆ ಮೊದಲು ಕುಸಿದು ಆಮೇಲೆ ಚಪ್ಪಟೆಯಾಗುತ್ತದೆ.

ಕಣ್ಣಿಗಿಂತ ನಂಬಿಕಸ್ಥ ಗುರುತು ex ಕಾಲಂನಲ್ಲಿದೆ. ಮೊದಲ ಬಗೆಯಲ್ಲಿ ವಯಸ್ಸಾದಂತೆ ex ಇಳಿಯುತ್ತದೆ. ಎರಡನೆಯದರಲ್ಲಿ ಇದ್ದಲ್ಲೇ ಇರುತ್ತದೆ. ಮೂರನೆಯದರಲ್ಲಿ ಏರುತ್ತದೆ. ಏರುವುದು ಹೇಗೆ ಎಂದು ಬಹಳ ಜನಕ್ಕೆ ಗಲಿಬಿಲಿಯಾಗುತ್ತದೆ. ವಯಸ್ಸಾದ ಪ್ರಾಣಿಗೆ ಚಿಕ್ಕದಕ್ಕಿಂತ ಜಾಸ್ತಿ ವರ್ಷ ಬಾಕಿ ಇರಲು ಸಾಧ್ಯವೇ? ಸಾಧ್ಯ. ex ಒಂದೇ ಪ್ರಾಣಿಯ ಗಡಿಯಾರ ಅಲ್ಲ, ಆ ವಯಸ್ಸು ತಲುಪಿದವುಗಳ ಸರಾಸರಿ. ಬೇಗ ಸಾಯುವವು ಲೆಕ್ಕದಿಂದ ಹೊರಟುಹೋದ ಮೇಲೆ ಉಳಿದವುಗಳ ಸರಾಸರಿ ಮೇಲೇರುತ್ತದೆ.

ಬಾರ್ನಕಲ್ ಟೇಬಲ್‌ಗೆ ಇದನ್ನು ಹಚ್ಚಿ ನೋಡಿ. ex 1.58ರಿಂದ ಶುರುವಾಗಿ 1.97, 2.18, 2.35ಕ್ಕೆ ಏರುತ್ತದೆ. ಮೂರನೇ ವರ್ಷ ದಾಟಿದ ಮೇಲೆ 1.89, 1.45, 1.12ಕ್ಕೆ ಇಳಿಯುತ್ತದೆ. ಹೌದು, ಇದು ಮೂರರಲ್ಲಿ ಯಾವುದೂ ಅಲ್ಲ. ಮೊದಲ ಮೂರು ವರ್ಷ ಮೂರನೇ ಬಗೆಯ ಕಡೆಗೆ ವಾಲುತ್ತದೆ, ಆಮೇಲೆ ಮೊದಲ ಬಗೆಯ ಕಡೆಗೆ. ಲಾಗ್ ಗ್ರಾಫಿನಲ್ಲಿ ಒಟ್ಟಾರೆ ಹಾಕಿದರೆ ಎರಡೂ ಬಾಗು ಒಂದನ್ನೊಂದು ಮರೆಮಾಚಿ, ದೂರದಿಂದ ಓರೆಯಾದ ನೇರ ಗೆರೆಯ ಹಾಗೆ ಕಾಣುತ್ತದೆ. ನಿಮ್ಮ "ಹೆಚ್ಚೂಕಡಿಮೆ ನೇರ ಗೆರೆ" ಕೂಡ ಇಂಥದ್ದೇ ಇರಬಹುದು. ಅದಕ್ಕೇ ನೇರ ಎನ್ನುವ ಮೊದಲು qx ಕಾಲಂ ಮೇಲೆ ಬೆರಳಿಟ್ಟುಕೊಂಡು ಓದಿ ಎನ್ನುವುದು.

ನಿಜವಾದ ಪ್ರಾಣಿಗಳು ಬಗೆಯೊಳಗೆ ಸರಿಯಾಗಿ ಕೂರುವುದೇ ಅಪರೂಪ. ಮೊದಲ ಬಗೆಗೆ ಎಲ್ಲರೂ ಕೊಡುವ ಉದಾಹರಣೆ ಅಲಾಸ್ಕಾದ ಡಾಲ್ ಕುರಿ. ವನ್ಯಜೀವಿ ತಜ್ಞ ಅಡಾಲ್ಫ್ ಮ್ಯೂರಿ ಹೆಕ್ಕಿ ತಂದ 608 ತಲೆಬುರುಡೆಗಳ ಕೊಂಬಿನ ಉಂಗುರಗಳಿಂದ ಸತ್ತಾಗಿನ ವಯಸ್ಸು ಗೊತ್ತಾಯಿತು, ಡೀವಿ ಅದರಿಂದ ಟೇಬಲ್ ಮಾಡಿದರು. ಆ ಟೇಬಲ್‌ನಲ್ಲಿ 1000 ಕುರಿಮರಿಗಳಲ್ಲಿ ಸುಮಾರು 200 ಮೊದಲ ವರ್ಷವೇ ಸಾಯುತ್ತವೆ. ಎರಡನೇ ವರ್ಷ ಸಾಯುವುದು 12 ಮಾತ್ರ. ಮುಪ್ಪಿನಲ್ಲಿ ಮತ್ತೆ ಏರುತ್ತದೆ. ಅಂದರೆ ಮೊದಲ ಬಗೆಯ ಮಾದರಿಗೂ ಶುರುವಿನಲ್ಲಿ ಒಂದು ಮೂರನೇ ಬಗೆಯ ತುಂಡು ಇದೆ. ಅದೂ ಕಡಿಮೆಯಾಗಿ ಕಂಡಿರುವ ಸಾಧ್ಯತೆಯೇ ಹೆಚ್ಚು, ಯಾಕೆಂದರೆ ಮರಿಗಳ ಮೆದು ಬುರುಡೆ ಬೇಗ ಹಾಳಾಗಿ ಹೆಕ್ಕುವವರ ಕೈಗೆ ಸಿಗುವುದಿಲ್ಲ. ನಿಮ್ಮ ಹಾಗೆ ಹುಟ್ಟಿನಿಂದ ಎಣಿಸಿದ ಕೊಹಾರ್ಟ್‌ಗೆ ಈ ತೊಂದರೆ ಇರುವುದಿಲ್ಲ, ಅದೇ ಅದರ ದೊಡ್ಡ ಬಲ.

ಹುಟ್ಟಿನಿಂದ ಎಣಿಸಿದ್ದು ಎಂದೆ. ಆದರೆ ನಿಜವಾಗಿ ಹುಟ್ಟಿನಿಂದಲೇ ಎಣಿಸಿದ್ದೀರಾ?

ಕಾನೆಲ್ ಅವರ ಟೇಬಲ್‌ನಲ್ಲಿ "ವಯಸ್ಸು 0" ಅಂದರೆ ಮೊಟ್ಟೆ ಒಡೆದ ದಿನ ಅಲ್ಲ. ಬಂಡೆಗೆ ಅಂಟಿಕೊಂಡ ಮೇಲಿನ ಎಣಿಕೆ ಅದು. ಅದಕ್ಕೆ ಮೊದಲು ಬಾರ್ನಕಲ್ ಮರಿ ನಾಪ್ಲಿಯಸ್ ಎಂಬ ರೂಪದಲ್ಲಿ ಆರು ಹಂತ ದಾಟಿರುತ್ತದೆ. ಆಮೇಲೆ ಸೈಪ್ರಿಸ್ ಎಂಬ ರೂಪ ತಾಳಿ ಅಂಟಿಕೊಳ್ಳಲು ಜಾಗ ಹುಡುಕಿರುತ್ತದೆ. ಇದೆಲ್ಲ ವಾರಗಟ್ಟಲೆ ನೀರಿನಲ್ಲಿ ತೇಲುತ್ತಾ ನಡೆಯುವಂಥದ್ದು. ಈ ಹಂತದಲ್ಲಿ ಬಹುಪಾಲು ಮರಿಗಳು ಸಾಯುತ್ತವೆ. ಮೀನಿನ ಬಾಯಿಗೆ ಬೀಳುತ್ತವೆ, ದಡ ಸಿಗದ ಕಡೆಗೆ ಕೊಚ್ಚಿಹೋಗುತ್ತವೆ. ಆ ಸಾವುಗಳಲ್ಲಿ ಒಂದೂ ಟೇಬಲ್‌ನಲ್ಲಿ ಇಲ್ಲ.

ಅವನ್ನು ಸೇರಿಸಿದರೆ ಏನಾಗುತ್ತದೆ ನೋಡೋಣ. ಲೆಕ್ಕದ ಸಲುವಾಗಿ ಸುಮ್ನೆ ಒಂದು ಅಂಕಿ ಇಟ್ಟುಕೊಳ್ಳಿ: ಸಾವಿರ ಮರಿಗಳಲ್ಲಿ ಒಂದು ಮಾತ್ರ ಬಂಡೆ ಸೇರುತ್ತದೆ ಎಂದು. ಆಗ 142ರ ಬದಲು 1,42,000ದಿಂದ ಟೇಬಲ್ ಶುರುವಾಗುತ್ತದೆ. ಲಾಗ್ ಗ್ರಾಫಿನಲ್ಲಿ ಮೊದಲ ಕೆಲವು ವಾರಗಳಲ್ಲೇ ರೇಖೆ 3 ಮನೆ ಕೆಳಗೆ ಬೀಳುತ್ತದೆ, ಒಂದು ಮನೆ ಅಂದರೆ ಹತ್ತು ಪಟ್ಟು ಇಳಿತ. ಆಮೇಲಿನ ಎಂಟು ವರ್ಷಕ್ಕೆ ಸೇರಿ ಬೀಳುವುದು 1.85 ಮನೆ ಮಾತ್ರ. ಈಗ ಯಾರನ್ನು ಕೇಳಿದರೂ ಇದು ಪಕ್ಕಾ ಮೂರನೇ ಬಗೆ ಎನ್ನುತ್ತಾರೆ. ಪ್ರಾಣಿ ಅದೇ, ಬಂಡೆ ಅದೇ, ಅಂಟಿದ ಮೇಲಿನ ಎಣಿಕೆಯೂ ಅದೇ. ಬದಲಾದದ್ದು ಎಣಿಕೆ ಶುರುವಾದ ಜಾಗ ಒಂದೇ.

ಎರಡನೇ ಬಗೆಗೆ ಹಕ್ಕಿಗಳನ್ನು ಉದಾಹರಣೆಯಾಗಿ ಕೊಡುವುದರ ಗುಟ್ಟೂ ಇದೇ. ಬೆಳೆದ ಹಕ್ಕಿಗಳಲ್ಲಿ ವರ್ಷದ ಸಾವಿನ ಪ್ರಮಾಣ ಬಹುಮಟ್ಟಿಗೆ ಸಮವಾಗಿರುತ್ತದೆ ಎಂಬುದು ನಿಜ. ಮೊಟ್ಟೆ ಮತ್ತು ಗೂಡಿನ ಮರಿಗಳನ್ನೂ ಸೇರಿಸಿದರೆ ರೇಖೆಯ ಶುರುವಿನಲ್ಲಿ ಒಂದು ಕುಸಿತ ಬಂದೇ ಬರುತ್ತದೆ. ಹಾಗಾಗಿ "ಈ ಜಾತಿ ಎರಡನೇ ಬಗೆಯದು" ಎನ್ನುವುದಕ್ಕಿಂತ "ಈ ಜಾತಿ ಇಂಥ ವಯಸ್ಸಿನಿಂದ ಇಂಥ ವಯಸ್ಸಿನವರೆಗೆ ಎರಡನೇ ಬಗೆಯ ಹಾಗೆ ಸಾಗುತ್ತದೆ" ಎನ್ನುವುದು ಸರಿ. ನಿಮ್ಮ ಟೇಬಲ್‌ನ ಮೇಲ್ಗಡೆ, ವಯಸ್ಸು 0 ಅಂದರೆ ಏನು ಎಂದು ಒಂದು ಸಾಲು ಬರೆದೇ ಬರೆಯಿರಿ. ಮೊಟ್ಟೆ ಇಟ್ಟದ್ದಾ, ಮೊಟ್ಟೆ ಒಡೆದದ್ದಾ, ಗುರುತು ಹಾಕಿದ್ದಾ? ಅದಿಲ್ಲದ ಟೇಬಲ್ ಅನ್ನು ಬೇರೆಯವರದ್ದರ ಜೊತೆ ಹೋಲಿಸುವ ಹಾಗೇ ಇಲ್ಲ.

ಶುರುವಿನ ಅವಧಿಯಲ್ಲಿ ಇನ್ನೊಂದು ತೊಡಕಿದೆ. Lx ಸೂತ್ರದಲ್ಲಿ ಎರಡು ಎಣಿಕೆಗಳ ಸರಾಸರಿ ತೆಗೆಯುತ್ತೇವೆ, ಅಲ್ವಾ? ಅಂದರೆ ಸಾವುಗಳು ವರ್ಷದುದ್ದಕ್ಕೂ ಸಮವಾಗಿ ಹರಡಿವೆ, ಸತ್ತ ಪ್ರತಿಯೊಂದೂ ಸರಾಸರಿ ಅರ್ಧ ವರ್ಷ ಬದುಕಿತ್ತು ಎಂದು ಒಪ್ಪಿಕೊಂಡ ಹಾಗೆ. ಚಿಕ್ಕ ವಯಸ್ಸಿನ ಸಾವುಗಳು ಹಾಗೆ ಹರಡಿರುವುದಿಲ್ಲ, ಮೊದಲ ದಿನಗಳಲ್ಲೇ ಗುಂಪುಗೂಡಿರುತ್ತವೆ. ಬಾರ್ನಕಲ್‌ಗಳ ಆ 80 ಸಾವೂ ಮೊದಲ ತಿಂಗಳಲ್ಲೇ ಆದವು ಎಂದುಕೊಳ್ಳಿ. ಆಗ L0 102 ಅಲ್ಲ, ಸುಮಾರು 65. e0 1.58ರಿಂದ 1.32ಕ್ಕೆ ಇಳಿಯುತ್ತದೆ. ಮುಂದಿನ ವಯಸ್ಸುಗಳ ex ಒಂದಿಷ್ಟೂ ಬದಲಾಗುವುದಿಲ್ಲ. ಮನುಷ್ಯರ ಲೈಫ್ ಟೇಬಲ್ ಮಾಡುವವರು ಹುಟ್ಟಿದ ಮೊದಲ ವರ್ಷಕ್ಕೆ ಬೇರೆಯೇ ತೂಕ ಹಾಕುವುದು ಇದಕ್ಕೇ. ನಿಮಗೆ ಸುಲಭದ ದಾರಿ ಇದೆ. ಶುರುವಿನಲ್ಲಿ ಬೇಗ ಬೇಗ ಎಣಿಸಿ, ಆಮೇಲೆ ಅವಧಿ ಉದ್ದ ಮಾಡಿ. ಅವಧಿಗಳು ಒಂದೇ ಉದ್ದ ಇರಬೇಕೆಂದೇನೂ ಇಲ್ಲ. ಆದರೆ Lxಗೆ ಅವಧಿಯ ಉದ್ದದಿಂದ ಗುಣಿಸಬೇಕು. qxಗಳನ್ನು ಹೋಲಿಸುವ ಮೊದಲು ಒಂದೇ ಉದ್ದದ ಅವಧಿಗೆ ಪರಿವರ್ತಿಸಿಕೊಳ್ಳಬೇಕು. ಒಂದು ತಿಂಗಳ 0.3ನ್ನೂ ಒಂದು ವರ್ಷದ 0.3ನ್ನೂ ಪಕ್ಕಪಕ್ಕ ಇಟ್ಟು ಸಮ ಎನ್ನಲಾಗದು.

ಈಗ ಟೇಬಲ್‌ನ ಕೆಳತುದಿಗೆ ಬನ್ನಿ. ನಾಲ್ಕನೇ ವಯಸ್ಸಿಗೆ 15.5 ಬಾರ್ನಕಲ್, ಆರನೆಯದಕ್ಕೆ 6.5. ಅರ್ಧ ಬಾರ್ನಕಲ್ ಬಂಡೆಯ ಮೇಲೆ ಇರುವುದಿಲ್ಲ. ಇವು ಎಣಿಸಿದ ಅಂಕಿಗಳಲ್ಲ, ಅಕ್ಕಪಕ್ಕದ ಎಣಿಕೆಗಳ ಸರಾಸರಿ ತೆಗೆದು ತುಂಬಿದವು. 20 ಮತ್ತು 11ರ ನಡುವೆ 15.5, 11 ಮತ್ತು 2ರ ನಡುವೆ 6.5. ತುಂಬುವುದೇನೂ ತಪ್ಪಲ್ಲ. ಆದರೆ ಅದರಿಂದ qx ಕಾಲಂನಲ್ಲಿ ಏನು ಹುಟ್ಟಿತು ನೋಡಿ: 0.225, 0.290, 0.409, 0.692. ಮುಪ್ಪು ಬಂದಂತೆ ಅಪಾಯ ಹಂತ ಹಂತವಾಗಿ, ಅಚ್ಚುಕಟ್ಟಾಗಿ ಏರುವಂತೆ ಕಾಣುತ್ತದೆ. ಇದರಲ್ಲಿ ಒಂದು ಪಾಲು ನಾವೇ ಮಾಡಿದ್ದು. ಸರಾಸರಿ ತೆಗೆದಾಗ ಎರಡೂ ವರ್ಷಕ್ಕೆ 4.5, 4.5 ಎಂದು ಸಮ ಸಾವು ಹಂಚಿದ್ದೇವೆ. ಎರಡನೇ ವರ್ಷಕ್ಕೆ ಬರುವಷ್ಟರಲ್ಲಿ ಭಾಗಿಸುವ ಸಂಖ್ಯೆ ಚಿಕ್ಕದಾಗಿರುತ್ತದೆ, ಹಾಗಾಗಿ qx ಏರಲೇಬೇಕು. ಪ್ರಾಣಿಗೆ ಮುಪ್ಪು ಬರದಿದ್ದರೂ ಏರುತ್ತದೆ.

ಸಮ ಸಾವಿನ ಬದಲು ಸಮ ಪ್ರಮಾಣ ಹಂಚಿ ನೋಡೋಣ. 20ರಿಂದ 11ಕ್ಕೆ ಎರಡು ವರ್ಷದಲ್ಲಿ ಉಳಿದ ಪಾಲು 0.55. ಇದರ ವರ್ಗಮೂಲ 0.74. ಅಂದರೆ ವರ್ಷಕ್ಕೆ qx 0.26, ಎರಡೂ ವರ್ಷ ಒಂದೇ. 11ರಿಂದ 2ಕ್ಕೆ ಉಳಿದ ಪಾಲು 0.18, ವರ್ಗಮೂಲ 0.43, ಹಾಗಾಗಿ qx 0.57. ನಾಲ್ಕು ಮೆಟ್ಟಿಲಿನ ಏರಿಕೆ ಈಗ ಎರಡು ಮೆಟ್ಟಿಲಾಯಿತು: 0.26, ಆಮೇಲೆ 0.57. ಎಣಿಕೆಗಳು ನಿಜವಾಗಿ ಹೇಳುತ್ತಿರುವುದು ಇಷ್ಟು ಮಾತ್ರ. ನಡುವಿನ ಯಾವುದಾದರೂ ಎಣಿಕೆ ನಿಮಗೆ ತಪ್ಪಿಹೋಗಿದ್ದರೆ ಹೀಗೆ ಪ್ರಮಾಣದ ಲೆಕ್ಕದಲ್ಲಿ ತುಂಬಿ. ಇಲ್ಲವೇ ಎರಡು ವರ್ಷವನ್ನು ಒಂದೇ ಅವಧಿ ಮಾಡಿಬಿಡಿ. ನನಗೆ ಎರಡನೆಯದೇ ಇಷ್ಟ. ಇಲ್ಲದ ಅಂಕಿಯನ್ನು ಇರುವ ಹಾಗೆ ತೋರಿಸುವ ಗೊಡವೆ ಇರುವುದಿಲ್ಲ.

ಆ 0.57 ಕೂಡ ಎಷ್ಟು ಗಟ್ಟಿ? ಅದು ನಿಂತಿರುವುದು 11 ಬಾರ್ನಕಲ್‌ಗಳ ಮೇಲೆ. ಮೊದಲ ವರ್ಷದ 0.563ರ ಹಿಂದೆ 142 ಇದ್ದವು. ಅದು ಎಷ್ಟು ಆಚೀಚೆ ಆಗಬಹುದು ಎಂದು ತೋರಿಸುವ ಪ್ರಮಾಣಿತ ದೋಷವನ್ನು `sqrt(q(1-q)/n)` ಸೂತ್ರದಿಂದ ತೆಗೆದರೆ 0.04 ಬರುತ್ತದೆ. ಎರಡೂ ಕಡೆ ಅದರ ಸುಮಾರು ಎರಡರಷ್ಟು ಬಿಟ್ಟುಕೊಂಡರೆ, ನಿಜವಾದ ಅಪಾಯ 0.48ರಿಂದ 0.65ರ ನಡುವೆ ಎಲ್ಲೋ ಇದೆ ಎನ್ನಬಹುದು. 11ರಲ್ಲಿ 9 ಸತ್ತವು ಎಂಬ ಎರಡು ವರ್ಷದ ಪ್ರಮಾಣ 0.82. ಇಷ್ಟು ಚಿಕ್ಕ ಗುಂಪಿನಲ್ಲಿ ನಿಜವಾದ ಅಪಾಯ ಹೆಚ್ಚೂಕಡಿಮೆ ಅರ್ಧದಿಂದ ಹಿಡಿದು 1ರ ಹತ್ತಿರದವರೆಗೆ ಎಲ್ಲಿಯೂ ಇರಬಹುದು. ಇನ್ನು ಏಳನೇ ವಯಸ್ಸಿನ ಸೊನ್ನೆ ಅಪಾಯ? ಎರಡು ಬಾರ್ನಕಲ್ ಆ ವರ್ಷ ಸಾಯಲಿಲ್ಲ ಎಂದಷ್ಟೇ ಅದರ ಅರ್ಥ. e7 ಒಮ್ಮೆಲೇ 1.12ರಿಂದ 1.50ಕ್ಕೆ ಜಿಗಿದಿರುವುದೂ ಆ ಎರಡರಿಂದಲೇ. ಅದಕ್ಕೆ ಜೀವಶಾಸ್ತ್ರದ ಕಾರಣ ಹುಡುಕಲು ಹೊರಡಬೇಡಿ. ನಿಮ್ಮ ಟೇಬಲ್‌ನಲ್ಲಿ nx ಹತ್ತಕ್ಕಿಂತ ಕೆಳಗಿಳಿದ ಸಾಲುಗಳಿಂದ ಬಗೆ ನಿರ್ಧರಿಸಬೇಡಿ ಎಂಬುದು ನಾನು ಪಾಲಿಸುವ ನಿಯಮ. ಲಾಗ್ ಗ್ರಾಫಿನಲ್ಲಿ ಈ ಸಾಲುಗಳೇ ಎದ್ದು ಕಾಣುತ್ತವೆ ಎಂಬುದು ಅದರ ಒಂದು ದೋಷ. 2ರಿಂದ 1ಕ್ಕೆ ಇಳಿದದ್ದು 1000ದಿಂದ 500ಕ್ಕೆ ಇಳಿದಷ್ಟೇ ದೊಡ್ಡದಾಗಿ ಕಾಣುತ್ತದೆ. ಸೊನ್ನೆಗೆ ಲಾಗ್ ಇಲ್ಲದ್ದರಿಂದ ಕೊನೆಯ ಸಾಲನ್ನು ಹೇಗೂ ಗ್ರಾಫಿನಲ್ಲಿ ಹಾಕುವಂತಿಲ್ಲ. ಅದಕ್ಕೆ 0.1ರಂಥ ಚಿಕ್ಕ ಅಂಕಿ ತುಂಬಿ ರೇಖೆ ಮುಂದುವರಿಸುವವರಿದ್ದಾರೆ. ಹಾಗೆ ಮಾಡಿದರೆ ಇಲ್ಲದ ಒಂದು ಧುಮುಕು ಹುಟ್ಟಿ, ಮೊದಲ ಬಗೆಯ ನೆರಳು ಬೀಳುತ್ತದೆ.

ಒಂದೇ ಕೊಹಾರ್ಟ್ ಹಿಡಿದುಕೊಂಡಾಗ ಬಿಡಿಸಲಾಗದ ಒಂದು ಗಂಟೂ ಇದೆ. 1959ರ ಗುಂಪಿಗೆ ಮೂರನೇ ವಯಸ್ಸು ಬಂದದ್ದು 1962ರಲ್ಲಿ, ಐದನೆಯದು 1964ರಲ್ಲಿ. ಐದನೇ ವಯಸ್ಸಿನ ನಂತರ ಸಾವು ಜಾಸ್ತಿಯಾದದ್ದು ಮುಪ್ಪಿನಿಂದಲೋ, ಆ ವರ್ಷಗಳ ಹವೆಯಿಂದಲೋ, ಬೇಟೆಗಾರ ಬಸವನಹುಳುಗಳಿಂದಲೋ? ಈ ಒಂದು ಟೇಬಲ್ ನೋಡಿ ಹೇಳಲು ಸಾಧ್ಯವೇ ಇಲ್ಲ. ವಯಸ್ಸು ಮತ್ತು ಇಸವಿ ಎರಡೂ ಜೊತೆಜೊತೆಯಾಗಿ ಸಾಗುತ್ತವೆ. ಬೇರೆ ವರ್ಷ ಹುಟ್ಟಿದ ಇನ್ನೊಂದು ಗುಂಪು ಬೇಕು. ಎರಡರಲ್ಲೂ ಒಂದೇ ವಯಸ್ಸಿಗೆ ಸಾವು ಏರಿದರೆ ಅದು ವಯಸ್ಸಿನದು. ಒಂದೇ ಇಸವಿಯಲ್ಲಿ ಏರಿದರೆ ಆ ವರ್ಷದ್ದು.

ನಿಮ್ಮ ಪ್ರಾಣಿ ಬಂಡೆಗೆ ಅಂಟಿಕೊಳ್ಳುವಂಥದ್ದಲ್ಲ, ಓಡಾಡುವಂಥದ್ದು ಎಂದಾದರೆ ಇನ್ನೊಂದು ವಿಷಯ ನೋಡಿಕೊಳ್ಳಿ. ಕಾಣದೆ ಹೋದವನ್ನೆಲ್ಲ ಸತ್ತವು ಎಂದು ಎಣಿಸಿದ್ದೀರಾ? ಮರಿಗಳು ಬೆಳೆದು ಜಾಗ ಬಿಟ್ಟು ಹೋಗುವ ವಯಸ್ಸಿನಲ್ಲಿ qx ಇದ್ದಕ್ಕಿದ್ದಂತೆ ಏರಿದ್ದರೆ ಅದು ಸಾವಲ್ಲ, ವಲಸೆ ಇರಬಹುದು. ಗುರುತು ಕಳಚಿಬಿದ್ದವು, ಕೈತಪ್ಪಿ ಸತ್ತವು, ಪಂಜರದಿಂದ ತಪ್ಪಿಸಿಕೊಂಡವು ಇದ್ದರೆ ಅವನ್ನು dxಗೆ ಸೇರಿಸಬೇಡಿ. ಅವು ಕಣ್ಣ ಮುಂದೆ ಇದ್ದಷ್ಟು ದಿನ ಲೆಕ್ಕದಲ್ಲಿ ಇರಲಿ, ಆಮೇಲೆ ಭಾಗಿಸುವ ಸಂಖ್ಯೆಯಿಂದ ತೆಗೆಯಿರಿ. ಸಂಖ್ಯಾಶಾಸ್ತ್ರಜ್ಞರಾದ ಕ್ಯಾಪ್ಲನ್ ಮತ್ತು ಮೈಯರ್ 1958ರಲ್ಲಿ ಕೊಟ್ಟ ವಿಧಾನ ಮಾಡುವುದು ಇದನ್ನೇ. ಅಂಥವು ಒಂದೆರಡೇ ಆದರೆ ಕೈಲೆಕ್ಕ ಸಾಕು. ಹತ್ತರಲ್ಲಿ ಒಂದಕ್ಕಿಂತ ಜಾಸ್ತಿ ಇದ್ದರೆ ಆ ವಿಧಾನವನ್ನೇ ಬಳಸಿ.

ವರದಿಯಲ್ಲಿ ಏನು ಬರೆಯಬೇಕು ಎಂಬುದಕ್ಕೆ ಬಾರ್ನಕಲ್ ಗುಂಪಿನದನ್ನೇ ಮಾದರಿಯಾಗಿ ಕೊಡುತ್ತೇನೆ: "ಬಂಡೆಗೆ ಅಂಟಿದ ಮೇಲೆ ಮೊದಲ ಮೂರು ವರ್ಷ ಸಾವಿನ ಪ್ರಮಾಣ 0.56ರಿಂದ 0.41ಕ್ಕೆ ನಿಧಾನವಾಗಿ ಇಳಿಯಿತು. ಮುಂದಿನ ಎರಡು ವರ್ಷ ವರ್ಷಕ್ಕೆ 0.26ರಷ್ಟಿತ್ತು. ಐದನೇ ವಯಸ್ಸಿನ ನಂತರ ಏರಿದಂತೆ ಕಾಣುತ್ತದೆ, ಆದರೆ ಆಗ ಉಳಿದಿದ್ದವು 11 ಮಾತ್ರ. ಅಂಟುವ ಮೊದಲಿನ ಲಾರ್ವಾ ಹಂತದ ಸಾವು ಇದರಲ್ಲಿ ಸೇರಿಲ್ಲ." ನಿಮ್ಮ ಅಂಕಿಗಳಿಗೆ ಇಂಥ ನಾಲ್ಕು ವಾಕ್ಯ ಬರೆಯಿರಿ. ಅವುಗಳ ಕೆಳಗೆ "ಎರಡನೇ ಬಗೆಗೆ ಹತ್ತಿರ" ಎಂದು ಸೇರಿಸಿದರೂ ಸರಿ, ಬಿಟ್ಟರೂ ಸರಿ.